ಕಲ್ಲಿದ್ದಲಿನ ವಿದ್ಯುತ್ತಾದರೂ ಲಾಭವಿದೆಯೇ?

“ಕುಶಾಲನಗರದಿಂದ ಮಡಿಕೇರಿಗೆ ದಿನವೂ ಓಡಾಟ. ಕರೆಂಟೇ ಕಲ್ಲಿದ್ದಲಿನಿಂದ ಬಂದರೆ ಎಲೆಕ್ಟ್ರಿಕ್ ಸ್ಕೂಟರ್‌ನಿಂದ ಏನು ಪ್ರಯೋಜನ?”

ಪ್ರಯೋಜನ ಖಂಡಿತ ಇದೆ, ಆದರೆ ಮೊದಲ ದಿನದಿಂದಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್. ತೆಗೆದು, ಸಂಸ್ಕರಿಸಿ, ಸಾಗಿಸುವುದೂ ಸೇರಿದರೆ ಸುಮಾರು 2.8. ನಿಮ್ಮ ಏರುದಾರಿಯಲ್ಲಿ ಲೀಟರಿಗೆ 40 ಕಿ.ಮೀ. ಎಂದುಕೊಂಡರೆ ಕಿಲೋಮೀಟರಿಗೆ 70 ಗ್ರಾಂ.

ಎಲೆಕ್ಟ್ರಿಕ್ ಸ್ಕೂಟರಿಗೆ ತಂತಿಯ ನಷ್ಟವೂ ಸೇರಿ ಕಿಲೋಮೀಟರಿಗೆ 45 ವ್ಯಾಟ್-ಗಂಟೆ ಹಿಡಿಯೋಣ. ದೇಶದ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸುಮಾರು 0.72 ಕಿಲೋ, ಅಂದರೆ ಕಿಲೋಮೀಟರಿಗೆ 32 ಗ್ರಾಂ. ಉಳಿತಾಯ 38 ಗ್ರಾಂ. ಆದರೆ 3 ಯೂನಿಟ್ ಸಾಮರ್ಥ್ಯದ ಬ್ಯಾಟರಿ ತಯಾರಿಕೆಯಲ್ಲೇ ಸುಮಾರು 240 ಕಿಲೋ ಹೊರಬಿದ್ದಿರುತ್ತದೆ. ಆ ಸಾಲ ತೀರಲು ಸುಮಾರು 6,300 ಕಿ.ಮೀ. ಓಡಬೇಕು. ಪೂರ್ತಿ ಕಲ್ಲಿದ್ದಲೇ ಆದರೆ, ಯೂನಿಟ್ಟಿಗೆ 1 ಕಿಲೋದಂತೆ, 9,600. ಚಾವಣಿಯ ಸೌರಫಲಕದಿಂದಾದರೆ 3,500ರ ಆಸುಪಾಸು.

ಹಾರಂಗಿಯ ಜಲವಿದ್ಯುತ್ ಪಕ್ಕದಲ್ಲೇ ಇದೆಯೆಂದು ಲೆಕ್ಕ ಇಳಿಸಬೇಡಿ. ಗ್ರಿಡ್ ಇಡೀ ದೇಶಕ್ಕೆ ಒಂದೇ. ಮಳೆಗಾಲದಲ್ಲಿ ಕರೆಂಟು ಹೋದಾಗ ತೋಟದ ಡೀಸೆಲ್ ಜನರೇಟರಿನಿಂದ ಚಾರ್ಜ್ ಮಾಡಿದರೆ ಹೆಚ್ಚುಕಡಿಮೆ ಕಲ್ಲಿದ್ದಲಿನ ಲೆಕ್ಕವೇ ಬರುತ್ತದೆ. ವಾರಕ್ಕೊಮ್ಮೆ ಮಾತ್ರ ಸ್ಕೂಟರ್ ತೆಗೆಯುವವರಿಗೆ ನಾನು ಇಷ್ಟು ಧೈರ್ಯದಿಂದ ಹೇಳುತ್ತಿರಲಿಲ್ಲ. ನಿಮ್ಮ ಓಡಾಟಕ್ಕೆ ಮೊದಲ ವರ್ಷದೊಳಗೇ ಸಾಲ ತೀರುತ್ತದೆ.