ಮನೆಗೊಂದೇ ಫೋನ್ ಇದ್ದರೆ ಒಟಿಪಿ ಲಾಗಿನ್ ಸಾಕೇ, ಇಮೇಲ್ ಬೇಕೇ?

ಪ್ರಶ್ನೆ: ನಮ್ಮ ಟ್ಯೂಷನ್ ಆ್ಯಪ್ ಬಳಸುವವರು ತಾಲ್ಲೂಕು ಊರಿನವರು. ಒಂದೇ ಫೋನನ್ನು ಮನೆಯವರೆಲ್ಲ ಹಂಚಿಕೊಳ್ಳುತ್ತಾರೆ. ಲಾಗಿನ್‌ಗೆ ಒಟಿಪಿ ಇಡಲೇ, ಇಮೇಲ್ ಇಡಲೇ?

ಉತ್ತರ: ಒಟಿಪಿಯನ್ನೇ ಇಡಿ. ಆದರೆ ಫೋನ್ ನಂಬರನ್ನೇ ಖಾತೆ ಅಂತ ಮಾಡಬೇಡಿ.

ಇಮೇಲ್ ಇಲ್ಲಿ ಸುಮ್ನೆ ಹೆಸರಿಗೆ ಇರುತ್ತದೆ. ಎಷ್ಟೋ ಸಲ ಫೋನ್ ಮಾರಿದ ಅಂಗಡಿಯವರೇ ಜಿಮೇಲ್ ಮಾಡಿಕೊಟ್ಟಿರುತ್ತಾರೆ. ಪಾಸ್‌ವರ್ಡ್ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ.

ಅಪ್ಪನ ನಂಬರಿನಲ್ಲಿ ಅಕ್ಕ ಸೇರಿದ್ದಾಳೆ ಅಂದುಕೊಳ್ಳಿ. ಆಮೇಲೆ ತಮ್ಮ ಸೇರಲು ಬಂದರೆ ‘ಈ ನಂಬರ್ ಈಗಾಗಲೇ ಇದೆ’ ಅಂತ ಬರುತ್ತದೆ. ಇಲ್ಲವೇ ಅವನು ಅಕ್ಕನ ಖಾತೆಯೊಳಗೇ ಹೋಗುತ್ತಾನೆ, ಅಂಕಗಳು ಬೆರೆತುಹೋಗುತ್ತವೆ. ಹಾಗಾಗಿ ಪ್ರತಿ ವಿದ್ಯಾರ್ಥಿಗೂ ಬೇರೆ ಐಡಿ ಕೊಡಿ, ಒಂದು ನಂಬರಿಗೆ ಹಲವು ಐಡಿ ಸೇರಲು ಬಿಡಿ. ಒಟಿಪಿ ಆದಮೇಲೆ ‘ಯಾರು ನೀವು?’ ಅಂತ ಹೆಸರುಗಳನ್ನು ತೋರಿಸಿ, ಒಬ್ಬೊಬ್ಬರಿಗೂ 4 ಅಂಕಿಯ ಪಿನ್ ಇಡಿ.

ಮಗಳು ಬೇರೆ ಫೋನಿನಲ್ಲಿ ಲಾಗಿನ್ ಆಗುವಾಗ ಸಿಮ್ ಅಪ್ಪನ ಜೊತೆ ಗದ್ದೆಯಲ್ಲಿರಬಹುದು ಅಲ್ವಾ? ಒಟಿಪಿಗೆ 2 ನಿಮಿಷ ಸಾಲದು, 10 ನಿಮಿಷ ಕೊಡಿ. 5 ಸಲ ತಪ್ಪಾಗಿ ಹಾಕಿದರೆ ಆ ಒಟಿಪಿಯನ್ನು ರದ್ದು ಮಾಡಿ.

ಇನ್ನೊಂದು, ರೀಚಾರ್ಜ್ ನಿಂತು ಬಂದ್ ಆದ ನಂಬರ್ 90 ದಿನ ಕಳೆದ ಮೇಲೆ ಬೇರೆಯವರ ಕೈಸೇರಬಹುದು. ಹಾಗಾಗಿ ತಿಂಗಳುಗಟ್ಟಲೆ ಬಳಸದ ಖಾತೆಗೆ ಒಟಿಪಿ ಒಂದನ್ನೇ ನಂಬಬೇಡಿ, ಪಿನ್ ಕೇಳಲೇಬೇಕು. ಇಮೇಲ್ ಇದ್ದವರು ಪಿನ್ ಮರೆತಾಗ ಬಳಸಿಕೊಳ್ಳಲಿ, ಕಡ್ಡಾಯ ಬೇಡ.