ಎರಡು ತಿಂಗಳಲ್ಲಿ ಚಟ ಹತ್ತುವುದೇ?

ಮಾನ್ಯ ಸಂಪಾದಕರೇ, ನನ್ನ ಅಣ್ಣನ ಮಗ ಶಿವಮೊಗ್ಗದ ಹಾಸ್ಟೆಲ್‌ನಲ್ಲಿದ್ದು ಪಿಯುಸಿ ಓದುತ್ತಿದ್ದಾನೆ. ದಸರಾ ರಜೆಗೆ ಬಂದಾಗ ಅವನ ಜೇಬಿನಲ್ಲಿ ಸಿಗರೇಟು ಸಿಕ್ಕಿತು. ಶುರುಮಾಡಿ ಎರಡೇ ತಿಂಗಳಂತೆ, ವಾರಕ್ಕೆ ಎರಡೋ ಮೂರೋ. ಆದರೂ ಬಿಡಲಾಗುತ್ತಿಲ್ಲ ಎನ್ನುತ್ತಾನೆ. ನಾನು ವರ್ಷಗಟ್ಟಲೆ ಎಲೆಯಡಿಕೆಗೆ ಹೊಗೆಸೊಪ್ಪು ಹಾಕಿ, ಒಂದು ದಿನ ಬಿಡುತ್ತೇನೆಂದು ಬಿಟ್ಟವನು. ಇದು ಬರೀ ಮನಸ್ಸಿನ ದೌರ್ಬಲ್ಯವಲ್ಲವೇ?
– ಓದುಗರು, ತೀರ್ಥಹಳ್ಳಿ

ಮಾನ್ಯರೇ,

ನೀವು ಹೊಗೆಸೊಪ್ಪು ಬಿಟ್ಟದ್ದು ಸಣ್ಣ ಮಾತಲ್ಲ, ಅದರಲ್ಲಿ ಮನಸ್ಸಿನ ಗಟ್ಟಿತನವೂ ಇತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ಅದೇ ಅಳತೆಗೋಲನ್ನು ಆ ಹುಡುಗನ ಮೇಲೆ ಇಡಬೇಡಿ. ಅವನು ಸುಳ್ಳು ಹೇಳುತ್ತಿಲ್ಲ.

ನಮ್ಮ ಮಿದುಳಿನ ನರಕೋಶಗಳ ಮೇಲೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕಕ್ಕೆಂದೇ ಇರುವ ಗ್ರಾಹಕಗಳಿವೆ, ಅಂದರೆ ಅದು ಬಂದು ಕೂತು ಕೋಶವನ್ನು ಎಚ್ಚರಿಸುವ ಬಾಗಿಲುಗಳು. ತೋಟದ ಉಣಗೋಲು ಸರಿಸಿ ಒಳಬಂದ ಮನೆಯವರು ಮತ್ತೆ ಅದನ್ನು ಹಾಕಿಬಿಡುವಂತೆ, ಅಸಿಟೈಲ್‌ಕೋಲಿನ್ ಬಂದು ಕೆಲಸ ಮುಗಿಸಿದ ಕ್ಷಣಾರ್ಧದಲ್ಲಿ ಒಂದು ಕಿಣ್ವ ಅದನ್ನು ಒಡೆದುಹಾಕುತ್ತದೆ. ತಂಬಾಕಿನಲ್ಲಿರುವ ನಿಕೋಟಿನ್ ಅದೇ ಗ್ರಾಹಕದ ಮೇಲೆ ಕೂರುತ್ತದೆ, ಆದರೆ ಆ ಕಿಣ್ವ ಅದನ್ನು ಮುಟ್ಟುವುದಿಲ್ಲ. ಹೊಗೆಯಾಗಿ ಎಳೆದರೆ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳಿಗೆ ತಲುಪುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಎರಡು ಗಂಟೆ ಬೇಕು.

2006ರಲ್ಲಿ ಅಮೆರಿಕದ ಸಂಶೋಧಕರು ಧೂಮಪಾನಿಗಳ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದರು. ಒಂದೆರಡು ದಮ್ಮು ಎಳೆದರೆ ಸಾಕು, ಈ ಚಟದಲ್ಲಿ ಮುಖ್ಯವಾದ ಬಗೆಯ ಗ್ರಾಹಕಗಳಲ್ಲಿ ಅರ್ಧದಷ್ಟು ನಿಕೋಟಿನ್‌ನಿಂದ ತುಂಬಿಕೊಂಡು ಮೂರು ಗಂಟೆಗೂ ಹೆಚ್ಚು ಹಾಗೆಯೇ ಇರುತ್ತವೆ. ಗೆಳೆಯನ ಸಿಗರೇಟಿನಲ್ಲಿ ಸುಮ್ಮನೆ ಎರಡು ದಮ್ಮು ಎಂದರೆ ಇಷ್ಟು.

ಮುಂದಿನದು ಇನ್ನೂ ಮುಖ್ಯ. ಮಿದುಳಿನ ನಡುಭಾಗದಲ್ಲಿ ಡೋಪಮೈನ್ ಎಂಬ ರಾಸಾಯನಿಕ ಸುರಿಸುವ ಕೋಶಗಳಿವೆ. ಹಿಡಿಸಿದ್ದನ್ನು ಮತ್ತೆ ಮಾಡು ಎಂದು ಕಲಿಸುವುದು ಅವುಗಳ ಕೆಲಸ. ಅವುಗಳಿಗೆ ಕಡಿವಾಣ ಹಾಕುವ ಕೋಶಗಳೂ ಪಕ್ಕದಲ್ಲೇ ಇವೆ. ನಿಕೋಟಿನ್ ಬಂದಾಗ ಎರಡೂ ಎಚ್ಚರಗೊಳ್ಳುತ್ತವೆ. ಆದರೆ ಕಡಿವಾಣದ ಕೋಶಗಳ ಗ್ರಾಹಕಗಳು ಕೆಲವೇ ನಿಮಿಷಗಳಲ್ಲಿ ಮರಗಟ್ಟಿ ಸ್ಪಂದಿಸುವುದನ್ನು ನಿಲ್ಲಿಸುತ್ತವೆ. ಡೋಪಮೈನ್ ಕೋಶಗಳನ್ನು ಹುರಿದುಂಬಿಸುವ ಸಂಕೇತಗಳು ಅಷ್ಟು ಬೇಗ ನಿಲ್ಲುವುದಿಲ್ಲ. ಹೀಗಾಗಿ ಸಿಗರೇಟು ಆರಿದ ಮೇಲೂ ಆ ಪಾಠ ಮುಂದುವರಿಯುತ್ತದೆ. ಒಂದೇ ಒಂದು ಸಲ ನಿಕೋಟಿನ್ ಕೊಟ್ಟ ಇಲಿಗಳಲ್ಲಿ, ಮರುದಿನವೂ ಈ ಕೋಶಗಳಿಗೆ ಬರುವ ನರಸಂಪರ್ಕಗಳು ಮೊದಲಿಗಿಂತ ಬಲವಾಗಿದ್ದವು.

ಪದೇಪದೇ ಮರಗಟ್ಟುವ ಗ್ರಾಹಕಗಳ ಸಂಖ್ಯೆಯೇ ಮಿದುಳಿನಲ್ಲಿ ಹೆಚ್ಚುತ್ತದೆ. ನಿಕೋಟಿನ್ ಇಳಿದಾಗ ಅವೆಲ್ಲ ಮತ್ತೆ ಚುರುಕಾಗುತ್ತವೆ, ಆದರೆ ಬೇಕಾದದ್ದು ಸಿಗುವುದಿಲ್ಲ. ಆಗ ಸಿಡುಕು, ಚಡಪಡಿಕೆ, ಪುಸ್ತಕದ ಮುಂದೆ ಕೂತರೂ ಮನಸ್ಸು ನಿಲ್ಲದಿರುವುದು. ಇನ್ನೊಂದು ಸಿಗರೇಟು ಆ ಸಿಡುಕನ್ನು ತಣಿಸುತ್ತದೆ, ಹುಡುಗ ಅದನ್ನೇ ನೆಮ್ಮದಿ ಎಂದುಕೊಳ್ಳುತ್ತಾನೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹನ್ನೆರಡು ಹದಿಮೂರು ವಯಸ್ಸಿನ ಮಕ್ಕಳನ್ನು ಗಮನಿಸಿ 2000ದಲ್ಲಿ ಪ್ರಕಟಿಸಿದ ವರದಿ ಹೇಳಿದ್ದೂ ಇದನ್ನೇ: ದಿನನಿತ್ಯ ಸೇದುವ ಹಂತಕ್ಕೆ ಬರುವ ಮೊದಲೇ, ಅಪರೂಪಕ್ಕೆ ಸೇದಲು ತೊಡಗಿದ ಕೆಲವೇ ವಾರಗಳಲ್ಲಿ, ಕೆಲವರಲ್ಲಿ ಈ ಲಕ್ಷಣಗಳು ಕಾಣಿಸಿಕೊಂಡಿದ್ದವು. ಎಲ್ಲರಿಗೂ ಹೀಗಾಗುವುದಿಲ್ಲ. ನಿಕೋಟಿನ್ ಕರಗಿಸುವ ಯಕೃತ್ತಿನ ವೇಗವೇ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ನಿಮಗೂ ನಿಮ್ಮ ಅಣ್ಣನ ಮಗನಿಗೂ ಇರುವ ವ್ಯತ್ಯಾಸ ಬರೀ ಗುಣದ್ದೆಂದು ಹೇಳಲು ಬರುವುದಿಲ್ಲ.

ನನಗೆ ಸಿಟ್ಟು ಬರುವುದು ಬೇರೆಯವರ ಮೇಲೆ. ಶಾಲೆ ಕಾಲೇಜುಗಳ ನೂರು ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ. ಆದರೂ ನಮ್ಮ ಊರುಗಳಲ್ಲಿ ಕಾಲೇಜಿನ ಗೇಟಿನಿಂದ ನಾಲ್ಕು ಹೆಜ್ಜೆ ಇಟ್ಟರೆ ಬಿಡಿ ಸಿಗರೇಟು ಸಿಗುತ್ತದೆ. ಇಡೀ ಪ್ಯಾಕಿನ ಹಣವಿಲ್ಲದ ಹುಡುಗನಿಗೆ ಬಿಡಿ ಸಿಗರೇಟೇ ಬಾಗಿಲು. ಸಿಕ್ಕಿಬಿದ್ದವನನ್ನು ಹಾಸ್ಟೆಲ್‌ನಿಂದ ಹೊರಹಾಕುವ ಉತ್ಸಾಹದಲ್ಲಿ ಕಾಲು ಭಾಗವನ್ನಾದರೂ ಆ ಅಂಗಡಿಯ ಮೇಲೆ ತೋರಿಸಿದವರನ್ನು ನಾನು ಕಂಡಿಲ್ಲ. ಪಾಠ ಹೇಳುವಾಗಲೂ ಕಪ್ಪಾದ ಶ್ವಾಸಕೋಶದ ಚಿತ್ರ ತೋರಿಸುತ್ತೇವೆ. ಹದಿನೇಳರ ಹುಡುಗನಿಗೆ ಅದು ಅಜ್ಜಂದಿರ ಕಾಯಿಲೆ. ಮೊದಲ ತಿಂಗಳಲ್ಲೇ ಮಿದುಳಿನಲ್ಲಿ ಏನಾಗುತ್ತದೆಂದು ಯಾರೂ ಹೇಳುವುದಿಲ್ಲ.

ಅವನನ್ನು ಬೈಯದೆ ಕೂರಿಸಿಕೊಂಡು ಕೇಳಿ: ಸೇದದ ದಿನ ಸಿಡುಕು ಬರುತ್ತದೆಯೇ, ಬಿಡಬೇಕೆಂದು ಹೊರಟು ಆಗದೆ ಹೋದದ್ದುಂಟೇ? ಹೌದೆಂದರೆ ಚಟ ಆಗಲೇ ಹತ್ತಿದೆ. ಪೂರ್ತಿ ನಿಲ್ಲಿಸಿದವರಲ್ಲಿ ಚಡಪಡಿಕೆ ಮೊದಲ ವಾರ ಹೆಚ್ಚು, ಮೂರು ನಾಲ್ಕು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಹೆಚ್ಚಿದ ಗ್ರಾಹಕಗಳೂ ಕೆಲವು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತವೆ. ಆ ವಾರಗಳಲ್ಲಿ ಪರೀಕ್ಷೆ ಬಾರದಂತೆ ದಿನ ಗೊತ್ತುಮಾಡಿ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1800-112-356, ಕರೆ ಉಚಿತ. ಮೊದಲ ಕರೆ ಮಾಡುವಾಗ ನೀವೂ ಅವನ ಪಕ್ಕದಲ್ಲಿರಿ.

– ಸಂಪಾದಕ