ಪಿಎಫ್ ಕ್ಲೇಮ್ ತಿರಸ್ಕಾರ: ಹೆಸರಿನ ವ್ಯತ್ಯಾಸಕ್ಕೆ ಮನವಿ

“ಶಿರಸಿಯವನು. ಆಧಾರ್‌ನಲ್ಲಿ Hegade, ಪಿಎಫ್‌ನಲ್ಲಿ Hegde ಎಂದಿದೆ. ಯುಎಎನ್ 2014ರದ್ದು. ಕ್ಲೇಮ್ ತಿರಸ್ಕೃತವಾಯಿತು. ಮೇಲ್ಮನವಿ ಹೇಗೆ?”

ನಮಸ್ಕಾರ. ಇಲ್ಲಿ ಮೊದಲು ಬೇಕಾದದ್ದು ಮೇಲ್ಮನವಿಯಲ್ಲ, ದಾಖಲೆಯ ತಿದ್ದುಪಡಿ. ದಾಖಲೆ ಹಾಗೆಯೇ ಉಳಿದರೆ ಅದೇ ಅರ್ಜಿಯನ್ನು ಎಷ್ಟು ಬಾರಿ ಸಲ್ಲಿಸಿದರೂ ಅದೇ ಕಾರಣಕ್ಕೆ ಹಿಂದಿರುಗುತ್ತದೆ. ನಮ್ಮ ಜಿಲ್ಲೆಯಲ್ಲಿ ಈ ಅಡ್ಡಹೆಸರನ್ನು ಎರಡೂ ರೀತಿ ಬರೆಯುವುದರಿಂದ ನಿಮ್ಮ ಬೇಸರ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಪಿಎಫ್ ಸದಸ್ಯರ ಪೋರ್ಟಲ್‌ನಲ್ಲಿ ಜಂಟಿ ಘೋಷಣೆ, ಅಂದರೆ ಸದಸ್ಯರ ವಿವರ ತಿದ್ದುವ ಕೋರಿಕೆ ಸಲ್ಲಿಸಿ, ಆಧಾರ್‌ನಲ್ಲಿರುವ ಹೆಸರನ್ನೇ ಅಕ್ಷರಶಃ ಕೋರಿರಿ. 2017ರ ಅಕ್ಟೋಬರ್ 1ರಂದು ಅಥವಾ ಆ ಬಳಿಕ ಆಧಾರ್ ಮೂಲಕ ಪಡೆದ ಯುಎಎನ್ ಆಗಿದ್ದರೆ ನೀವೇ ತಿದ್ದಿಕೊಳ್ಳಬಹುದಿತ್ತು. ನಿಮ್ಮದು ಹಳೆಯದಾದ್ದರಿಂದ ಉದ್ಯೋಗದಾತರ ಅನುಮೋದನೆ ಅಗತ್ಯ. ಹೆಚ್ಚಿನ ಅರ್ಜಿಗಳು ನಿಲ್ಲುವುದು ಇಲ್ಲಿಯೇ, ಆದ್ದರಿಂದ ಹಳೆಯ ಕಂಪನಿಯ ಸಿಬ್ಬಂದಿ ವಿಭಾಗಕ್ಕೆ ಕೋರಿಕೆಯ ವಿವರ ಬರೆದು ಕಳುಹಿಸಿ, ಆ ಪತ್ರದ ಪ್ರತಿಯನ್ನು ಇಟ್ಟುಕೊಳ್ಳಿ.

ಬ್ಯಾಂಕ್ ಖಾತೆಯ ಹೆಸರನ್ನೂ ಈಗಲೇ ಹೋಲಿಸಿ ನೋಡಿ. ಪಿಎಫ್ ಹೆಸರು ಸರಿಯಾದ ಮೇಲೆ ಅಲ್ಲಿನ ವ್ಯತ್ಯಾಸದಿಂದ ಮತ್ತೊಮ್ಮೆ ತಿರಸ್ಕಾರ ಬಂದರೆ ಬಹಳ ನೋವಾಗುತ್ತದೆ.

ತಿದ್ದುಪಡಿ ಪೋರ್ಟಲ್‌ನಲ್ಲಿ ಕಾಣಿಸಿದ ಬಳಿಕ ಪಿಎಫ್ ಹಣವನ್ನು ಪೂರ್ತಿ ಹಿಂಪಡೆಯುವ ನಮೂನೆ 19 ಅನ್ನು ಹೊಸದಾಗಿ ಸಲ್ಲಿಸಿ. ಉದ್ಯೋಗದಾತರು ಸ್ಪಂದಿಸದಿದ್ದರೆ ಅಥವಾ ತಿದ್ದಿದ ಮೇಲೂ ಕ್ಲೇಮ್ ತಿರಸ್ಕೃತವಾದರೆ, ತಿರಸ್ಕಾರದ ಕಾರಣವನ್ನು ಪರದೆಯಲ್ಲಿರುವಂತೆಯೇ ಉಲ್ಲೇಖಿಸಿ, ಆಧಾರ್ ಪ್ರತಿ ಹಾಗೂ ಕಂಪನಿಗೆ ಬರೆದ ಪತ್ರವನ್ನು ಲಗತ್ತಿಸಿ epfigms.gov.in ತಾಣದಲ್ಲಿ ದೂರು ದಾಖಲಿಸಿ.